ಹೊಳೆಯ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗಿನ ಸಾಂದ್ರತೆ: ಲ್ಯಾಕ್ಸ್–ವೆಂಡ್ರಾಫ್ ಬಿಟ್ಟುಹೋಗುವ ಸುಳ್ಳು ಅಲೆಗಳು

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಲಕ್ಷ್ಮಣತೀರ್ಥಕ್ಕೆ ಸೇರುವ ನಮ್ಮೂರಿನ ತೋಡಿಗೆ ಕಾಫಿ ಪಲ್ಪಿಂಗ್ ನೀರನ್ನು ಅರ್ಧ ಗಂಟೆ ಬಿಟ್ಟರೆ ಅದು ಕೆಳಗೆ ಹೇಗೆ ಸಾಗುತ್ತದೆಂದು ಲೆಕ್ಕ ಹಾಕಲು ಲ್ಯಾಕ್ಸ್–ವೆಂಡ್ರಾಫ್ ವಿಧಾನದಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಎರಡು ಕಿ.ಮೀ. ಉದ್ದ, 10 ಮೀಟರಿನ ಕೋಶ, ನೀರಿನ ವೇಗ ಸೆಕೆಂಡಿಗೆ 0.5 ಮೀಟರ್, ಕಾಲದ ಹೆಜ್ಜೆ 10 ಸೆಕೆಂಡ್. ಬಿಟ್ಟ ಸಾಂದ್ರತೆ 1 ಆದರೂ ಉತ್ತರದಲ್ಲಿ 1ಕ್ಕಿಂತ ಹೆಚ್ಚು ಬರುತ್ತದೆ, ಕೊನೆಯ ಅಂಚಿನಲ್ಲಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಹೆಜ್ಜೆಯನ್ನು 2 ಸೆಕೆಂಡಿಗೆ ಇಳಿಸಿದಾಗ ಅಲೆಗಳು ಇನ್ನೂ ಹೆಚ್ಚಾದವು. ತಪ್ಪು ಎಲ್ಲಿದೆ? ಋಣ ಬೆಲೆಗಳನ್ನು ಸೊನ್ನೆ ಮಾಡಿಬಿಡಬಹುದೇ?
— ಪೊನ್ನಂಪೇಟೆ ಕಡೆಯ ಓದುಗರು

ಉತ್ತರ: ನಿಮ್ಮ ಪ್ರೋಗ್ರಾಂನಲ್ಲಿ ತಪ್ಪಿಲ್ಲದಿರುವ ಸಾಧ್ಯತೆಯೇ ಹೆಚ್ಚು. ನೀವು ಹೇಳಿರುವ ಲಕ್ಷಣಗಳೆಲ್ಲ ಈ ವಿಧಾನದ ಸಹಜ ಗುಣಕ್ಕೆ ಹೊಂದುತ್ತವೆ. ಆದರೂ ಮೊದಲು ಒಂದು ಪರೀಕ್ಷೆ ಮಾಡಿ: ಹೆಜ್ಜೆಯನ್ನು 20 ಸೆಕೆಂಡಿಗೆ ಏರಿಸಿ. ಆಗ ಕೂರಂಟ್ ಸಂಖ್ಯೆ, ಅಂದರೆ ಒಂದು ಹೆಜ್ಜೆಯಲ್ಲಿ ನೀರು ಎಷ್ಟು ಕೋಶ ದಾಟುತ್ತದೆ ಎಂಬ ಅಳತೆ, ಸರಿಯಾಗಿ 1 ಆಗುತ್ತದೆ. ಆ ಬೆಲೆಗೆ ಈ ವಿಧಾನವು ಪ್ರತಿ ಹೆಜ್ಜೆಗೂ ಎಲ್ಲ ಬೆಲೆಗಳನ್ನು ಒಂದೊಂದು ಕೋಶ ಮುಂದಕ್ಕೆ ಸರಿಸುವುದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ, ಆದ್ದರಿಂದ ಅಲೆಗಳು ಪೂರ್ತಿ ಮಾಯವಾಗಬೇಕು. ಮಾಯವಾಗದಿದ್ದರೆ ಮಾತ್ರ ಪ್ರೋಗ್ರಾಂನಲ್ಲಿ ದೋಷ ಹುಡುಕಿ.

ಅಲೆಗಳ ಮೂಲ ತಿಳಿಯಲು ವಿಧಾನವನ್ನು ಕಟ್ಟಿದ ಬಗೆಯನ್ನೇ ನೋಡಬೇಕು. ಪೀಟರ್ ಲ್ಯಾಕ್ಸ್ ಮತ್ತು ಬರ್ಟನ್ ವೆಂಡ್ರಾಫ್ 1960ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಮುಂದಿನ ಹೆಜ್ಜೆಯ ಸಾಂದ್ರತೆಯನ್ನು ಕಾಲದಲ್ಲಿ ಟೇಲರ್ ಸರಣಿಯಾಗಿ ಬಿಡಿಸಿ ಎರಡನೆಯ ಘಾತದವರೆಗಿನ ಪದಗಳನ್ನು ಉಳಿಸಿಕೊಳ್ಳುತ್ತಾರೆ. ಸಾಂದ್ರತೆ ಕಾಲದೊಂದಿಗೆ ಬದಲಾಗುವ ದರವು ವೇಗ ಮತ್ತು ದೂರದೊಂದಿಗೆ ಸಾಂದ್ರತೆ ಬದಲಾಗುವ ದರಗಳ ಗುಣಲಬ್ಧಕ್ಕೆ ಋಣಚಿಹ್ನೆ ಹಚ್ಚಿದಷ್ಟು ಎಂದು ಸಾಗಣೆಯ ಸಮೀಕರಣವೇ ಹೇಳುತ್ತದೆ. ಅದನ್ನೇ ಮತ್ತೊಮ್ಮೆ ಬಳಸಿದರೆ ಕಾಲದ ಎರಡನೆಯ ಅವಕಲನವು ವೇಗದ ವರ್ಗ ಮತ್ತು ದೂರದ ಎರಡನೆಯ ಅವಕಲನಗಳ ಗುಣಲಬ್ಧವಾಗುತ್ತದೆ. ಹೀಗೆ ಕಾಲದ ಅವಕಲನಗಳೆಲ್ಲ ದೂರದ ಅವಕಲನಗಳಾಗಿ, ಅವನ್ನು ಅಕ್ಕಪಕ್ಕದ ಕೋಶಗಳ ವ್ಯತ್ಯಾಸಗಳಿಂದ ಬರೆದಾಗ ನಿಮ್ಮ ಪ್ರೋಗ್ರಾಂನ ಸಾಲು ಸಿಗುತ್ತದೆ:

```
unew[i] = u[i] - (c/2)*(u[i+1]-u[i-1])
        + (c*c/2)*(u[i+1]-2*u[i]+u[i-1])
```

ಇಲ್ಲಿ `c` ಎಂಬುದು ಕೂರಂಟ್ ಸಂಖ್ಯೆ, ನಿಮ್ಮ ಲೆಕ್ಕದಲ್ಲಿ 0.5. ಇದೇ ಸಾಲನ್ನು ಕೋಶವಾರು ಒಟ್ಟುಗೂಡಿಸಿದರೆ, ಹೊಸ ಬೆಲೆಯೆಂದರೆ ಮೇಲ್ಹರಿವಿನ ಕೋಶದ 0.375 ಪಾಲು, ತನ್ನದೇ 0.75 ಪಾಲು, ಕೆಳಹರಿವಿನ ಕೋಶದ −0.125 ಪಾಲು ಎಂದಾಗುತ್ತದೆ. ಮೂರರ ಮೊತ್ತ 1. ಆದರೆ ಕೊನೆಯದು ಋಣ, ಮತ್ತು ಎಲ್ಲ ತೊಂದರೆಯೂ ಅಲ್ಲಿಂದಲೇ ಹುಟ್ಟುತ್ತದೆ.

ಕಲುಷಿತ ನೀರಿನ ಮುಂಚೂಣಿಯನ್ನು ತೆಗೆದುಕೊಂಡು ಕಾಗದದ ಮೇಲೆ ಎರಡು ಹೆಜ್ಜೆ ನಡೆಸಿ ನೋಡೋಣ. ಸೊನ್ನೆಯನೆಯ ಕೋಶದವರೆಗೆ ಸಾಂದ್ರತೆ 1, ಅದರ ಮುಂದೆ 0 ಇರಲಿ. ಮೊದಲ ಹೆಜ್ಜೆಯಲ್ಲಿ ಸೊನ್ನೆಯನೆಯ ಕೋಶಕ್ಕೆ 0.375 ಮತ್ತು 0.75 ಸೇರಿ 1.125 ಬರುತ್ತದೆ, ಏಕೆಂದರೆ ಅದರಿಂದ 0.125 ಕಳೆಯಬೇಕಾಗಿದ್ದ ಮುಂದಿನ ಕೋಶ ಇನ್ನೂ ಖಾಲಿಯಿದೆ. ಒಂದನೆಯ ಕೋಶಕ್ಕೆ 0.375 ಬರುತ್ತದೆ. ಎರಡನೆಯ ಹೆಜ್ಜೆಯಲ್ಲಿ ಸೊನ್ನೆಯನೆಯ ಕೋಶ 1.172ಕ್ಕೆ ಏರುತ್ತದೆ, ಅದರ ಹಿಂದಿನ ಕೋಶ 0.984ಕ್ಕೆ ಇಳಿಯುತ್ತದೆ. ಎರಡೇ ಹೆಜ್ಜೆಯಲ್ಲಿ ಒಂದು ಉಬ್ಬು, ಅದರ ಹಿಂದೆ ಒಂದು ತಗ್ಗು ಸಿದ್ಧವಾಯಿತು. ಕಲುಷಿತ ನೀರಿನ ಕೊನೆಯ ಅಂಚಿನಲ್ಲಿ ಇದೇ ಲೆಕ್ಕ ತಲೆಕೆಳಗಾಗಿ, ಖಾಲಿ ಕೋಶಕ್ಕೆ ಮುಂದಿನ ತುಂಬಿದ ಕೋಶದಿಂದ −0.125 ಬೀಳುತ್ತದೆ. ನಿಮ್ಮ ಋಣ ಸಾಂದ್ರತೆ ಹುಟ್ಟಿದ್ದು ಹೀಗೆ. ಇಷ್ಟಾದರೂ ಒಟ್ಟು ದ್ರವ್ಯ ಒಂದಿಷ್ಟೂ ಹೆಚ್ಚುಕಡಿಮೆಯಾಗಿಲ್ಲ: ಎರಡು ಹೆಜ್ಜೆಯಲ್ಲಿ ಒಂದು ಕೋಶದಷ್ಟು ದ್ರವ್ಯ ಒಳಬರಬೇಕಿತ್ತು, ಎಲ್ಲ ಕೋಶಗಳನ್ನು ಕೂಡಿದರೆ ಅಷ್ಟೇ ಬಂದಿದೆ.

ಈ ಉಬ್ಬುತಗ್ಗುಗಳು ಅಂಚಿನ ಹಿಂದೆಯೇ ಏಕೆ ಸಾಲುಗಟ್ಟುತ್ತವೆ ಎಂಬುದಕ್ಕೆ ಸರಣಿಯಲ್ಲಿ ನಾವು ಕೈಬಿಟ್ಟ ಪದಗಳನ್ನು ನೋಡಬೇಕು. ಅವುಗಳಲ್ಲಿ ದೊಡ್ಡದು ದೂರದ ಮೂರನೆಯ ಅವಕಲನಕ್ಕೆ ಸೇರಿದ್ದು, ಅದರ ಗುಣಕ `(1-c*c)/6`ಕ್ಕೆ ಅನುಪಾತವಾಗಿರುತ್ತದೆ. ಎರಡನೆಯ ಅವಕಲನದ ದೋಷವಾಗಿದ್ದರೆ ಅಂಚು ಮಸುಕಾಗುತ್ತಿತ್ತು. ಮೂರನೆಯದರ ದೋಷವು ಪ್ರತಿ ತರಂಗಾಂತರಕ್ಕೂ ಬೇರೆ ವೇಗ ಕೊಡುತ್ತದೆ. ಚೂಪಾದ ಅಂಚೆಂದರೆ ಉದ್ದ, ಗಿಡ್ಡ ಅಲೆಗಳೆಲ್ಲ ಒಂದೇ ಜಾಗದಲ್ಲಿ ಕೂಡಿಕೊಂಡಿರುವ ಸ್ಥಿತಿ. ಅವು ಒಂದೇ ವೇಗದಲ್ಲಿ ಸಾಗಿದರೆ ಮಾತ್ರ ಅಂಚು ಅಂಚಾಗಿ ಉಳಿಯುತ್ತದೆ. ಈ ವಿಧಾನದಲ್ಲಿ ಉದ್ದನೆಯ ಅಲೆಗಳು ಸರಿಯಾದ ವೇಗದಲ್ಲಿ ಹೋಗುತ್ತವೆ, ಗಿಡ್ಡ ಅಲೆಗಳು ಹಿಂದುಳಿಯುತ್ತವೆ.

ನಿಮ್ಮ ಅಂಕಿಗಳಲ್ಲೇ ಹೇಳುವುದಾದರೆ, ಎಂಟು ಕೋಶದಷ್ಟು, ಅಂದರೆ 80 ಮೀಟರ್ ಉದ್ದದ ಅಲೆಯು ನಿಜವಾದ ವೇಗದ ಸುಮಾರು 93 ಶೇಕಡದಲ್ಲಿ ಸಾಗುತ್ತದೆ. 100 ಹೆಜ್ಜೆಗಳಲ್ಲಿ ನೀರು 50 ಕೋಶ ಮುಂದೆ ಹೋದಾಗ ಆ ಅಲೆ ಮೂರೂವರೆ ಕೋಶಕ್ಕಿಂತ ಸ್ವಲ್ಪ ಹೆಚ್ಚು ಹಿಂದೆ ಬಿದ್ದಿರುತ್ತದೆ. ಅಂದರೆ ಹೆಚ್ಚು ಕಡಿಮೆ ಅರ್ಧ ಅಲೆಯಷ್ಟು ಜಾರಿ, ಉಬ್ಬು ಇರಬೇಕಾದಲ್ಲಿ ತಗ್ಗು ಬಂದು ಕೂತಿರುತ್ತದೆ. ವಿಧಾನಕ್ಕೆ ಸ್ವಲ್ಪ ತಣಿಸುವ ಗುಣವೂ ಇದೆ, ಆದರೆ ಅದು ತೀರಾ ಗಿಡ್ಡ ಅಲೆಗಳಿಗೆ ಮಾತ್ರ ಸಾಕಾಗುತ್ತದೆ. ನಾಲ್ಕು ಕೋಶದ ಅಲೆ ಆ 100 ಹೆಜ್ಜೆಗಳಲ್ಲಿ ಹೇಳಹೆಸರಿಲ್ಲದಂತೆ ಅಳಿದರೆ, ಎಂಟು ಕೋಶದ್ದು ತನ್ನ ಎತ್ತರದ 44 ಶೇಕಡವನ್ನು ಉಳಿಸಿಕೊಂಡಿರುತ್ತದೆ. ಚಿತ್ರದಲ್ಲಿ ನಿಮಗೆ ಎದ್ದು ಕಾಣುವುದು ಹೀಗೆ ಬದುಕುಳಿದ ಅಲೆಗಳೇ.

ಹೆಜ್ಜೆ ಇಳಿಸಿದಾಗ ಕಾಟ ಹೆಚ್ಚಾದದ್ದೂ ಇದರಿಂದಲೇ ಅರ್ಥವಾಗುತ್ತದೆ. 2 ಸೆಕೆಂಡಿನ ಹೆಜ್ಜೆಗೆ `c` 0.1 ಆಗುತ್ತದೆ, `1-c*c` 0.75ರಿಂದ 0.99ಕ್ಕೆ ಏರುತ್ತದೆ. ಅದೇ 1000 ಸೆಕೆಂಡುಗಳ ಕೊನೆಗೆ ಎಂಟು ಕೋಶದ ಅಲೆ ಮೂರೂವರೆಯ ಬದಲು ಸುಮಾರು ಐದು ಕೋಶ ಹಿಂದುಳಿಯುತ್ತದೆ, ಎತ್ತರದಲ್ಲಿ 81 ಶೇಕಡ ಉಳಿಸಿಕೊಳ್ಳುತ್ತದೆ. ಮೊದಲು ಅಳಿದುಹೋಗಿದ್ದ ನಾಲ್ಕು ಕೋಶದ ಅಲೆಯೂ 8 ಶೇಕಡದಷ್ಟು ಉಳಿದುಬಿಡುತ್ತದೆ. ಕಾಲದ ಹೆಜ್ಜೆ ಚಿಕ್ಕದಾದಷ್ಟೂ ಲೆಕ್ಕ ಚೊಕ್ಕವಾಗುತ್ತದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ, ಇಲ್ಲಿ ಅದು ಕೈಕೊಡುತ್ತದೆ. ಕೋಶಗಳನ್ನು ಚಿಕ್ಕದು ಮಾಡಿದರೂ ಅಲೆಗಳು ಹರಡಿರುವ ಪಟ್ಟಿ ಕಿರಿದಾಗುತ್ತದೆಯೇ ಹೊರತು ಅಂಚಿಗೆ ಅಂಟಿಕೊಂಡ ಮೊದಲ ಉಬ್ಬಿನ ಎತ್ತರ ಕರಗುವುದಿಲ್ಲ. ಇದನ್ನು ಅಸ್ಥಿರತೆ ಎಂದು ತಿಳಿಯಬೇಡಿ: ಅಸ್ಥಿರ ಲೆಕ್ಕದಲ್ಲಿ ಗರಗಸದ ಹಲ್ಲಿನಂಥ ಏರಿಳಿತ ಹೆಜ್ಜೆಹೆಜ್ಜೆಗೂ ಗುಣಿಸುತ್ತಾ ಅಂಕೆ ಮೀರಿ ಬೆಳೆಯುತ್ತದೆ, ಇಲ್ಲಿ ಉಬ್ಬು ಒಂದು ಮಿತಿಯಲ್ಲೇ ನಿಲ್ಲುತ್ತದೆ.

ಋಣ ಬೆಲೆಗಳನ್ನು ಸೊನ್ನೆ ಮಾಡುವುದು ಬೇಡ. ಮೇಲಿನ ಕೊನೆಯ ಅಂಚಿನ −0.125ನ್ನು ಅಳಿಸಿದ ಕ್ಷಣ ತೋಡಿಗೆ ಯಾರೂ ಸುರಿಯದ 0.125 ಕೋಶದಷ್ಟು ಮಾಲಿನ್ಯವನ್ನು ನೀವೇ ಸೇರಿಸಿದಂತಾಯಿತು, ಮತ್ತು ಹೆಜ್ಜೆ ಹೆಜ್ಜೆಗೂ ಅಳಿಸಿದರೆ ಆ ಸುಳ್ಳು ಸೇರುತ್ತಲೇ ಹೋಗುತ್ತದೆ. ಕೆಳಗಿನ ಊರಿಗೆ ಎಷ್ಟು ಮಾಲಿನ್ಯ ತಲುಪುತ್ತದೆ ಎಂಬುದೇ ಪ್ರಶ್ನೆಯಾಗಿರುವಾಗ, ಚಿತ್ರ ಚೆಂದ ಕಂಡರೂ ಉತ್ತರ ಕೆಟ್ಟಿರುತ್ತದೆ.

ಸರಿಯಾದ ದಾರಿ ಯಾವುದೆಂಬುದನ್ನು ನಿಮ್ಮ ತೋಡೇ ನಿರ್ಧರಿಸಬೇಕು. ನಿಜವಾದ ಹೊಳೆಯಲ್ಲಿ ಮಾಲಿನ್ಯ ಬರಿದೆ ಸಾಗುವುದಿಲ್ಲ, ಉದ್ದಕ್ಕೂ ಹರಡುತ್ತದೆ ಕೂಡ. ಆ ಹರಡುವಿಕೆಯ ಪದವನ್ನು ಸಮೀಕರಣಕ್ಕೆ ಸೇರಿಸಿದರೆ ಅಕ್ಕಪಕ್ಕದ ಎರಡೂ ಕೋಶಗಳ ಪಾಲು ಸಮನಾಗಿ ಹೆಚ್ಚುತ್ತದೆ. ನಿಮ್ಮ ಅಂಕಿಗಳಿಗೆ ಹರಡುವಿಕೆಯ ಗುಣಾಂಕ ಸೆಕೆಂಡಿಗೆ 1.25 ಚದರ ಮೀಟರ್ ಮುಟ್ಟಿದಾಗ −0.125 ಸರಿಯಾಗಿ ಸೊನ್ನೆಯಾಗುತ್ತದೆ, ಅಲ್ಲಿಂದ 3.75ರವರೆಗೆ ಯಾವ ಪಾಲೂ ಋಣವಾಗುವುದಿಲ್ಲ, ಅಲೆಗಳೂ ಹುಟ್ಟುವುದಿಲ್ಲ. ಉಪ್ಪುನೀರು ಸುರಿದು ಕೆಳಗಡೆ ವಿದ್ಯುತ್ ವಾಹಕತೆ ಅಳೆಯುವ ವಿಧಾನದಿಂದ ನಿಮ್ಮ ತೋಡಿನ ಗುಣಾಂಕ ಪಡೆದುಕೊಳ್ಳಿ. ಅದು ಈ ವ್ಯಾಪ್ತಿಯೊಳಗೆ ಬಂದರೆ ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಅಳತೆಯಿಲ್ಲದೆ, ಬರೀ ಅಲೆ ಅಡಗಿಸಲು 1.25 ಸೇರಿಸುವುದು ಮಾತ್ರ ಸಲ್ಲದು. ಆಗ ಪಾಲುಗಳು 0.5, 0.5, 0 ಆಗಿಬಿಡುತ್ತವೆ, ಅದು ಕೆಳಹರಿವಿನ ಕೋಶವನ್ನು ನೋಡದೆ ಅಂಚನ್ನು ಮಸುಕು ಮಾಡುವ, ಒಂದನೆಯ ದರ್ಜೆಯ ಅಪ್‌ವಿಂಡ್ ವಿಧಾನವೇ. ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತಂತೆ.

ಹರಡುವಿಕೆ ಕಡಿಮೆಯಿದ್ದರೆ ಲಿಮಿಟರ್ ಬಳಸಿ, ಅಂದರೆ ಚೂಪಾದ ಅಂಚುಗಳಲ್ಲಿ ಎರಡನೆಯ ದರ್ಜೆಯ ತಿದ್ದುಪಡಿಯನ್ನು ತಗ್ಗಿಸುವ ಗುಣಕ. ಕೂರಂಟ್ ಸಂಖ್ಯೆ 1ಕ್ಕಿಂತ ಕಡಿಮೆಯಿರುವಾಗ, ಎಲ್ಲ ಕಡೆ ಒಂದೇ ಪಾಲುಗಳನ್ನು ಬಳಸುವ ಯಾವ ವಿಧಾನವೂ ಎರಡನೆಯ ದರ್ಜೆಯ ನಿಖರತೆಯನ್ನೂ ಹೊಸ ಉಬ್ಬುತಗ್ಗು ಹುಟ್ಟಿಸದ ಗುಣವನ್ನೂ ಒಟ್ಟಿಗೆ ಪಡೆಯಲಾರದು ಎಂದು ಗೊಡುನೊವ್ 1959ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಪಾಲುಗಳೇ ಸಾಂದ್ರತೆಯ ಆಕಾರ ನೋಡಿ ಬದಲಾಗಬೇಕು. `i` ಮತ್ತು `i+1` ಕೋಶಗಳ ನಡುವಿನ ಗಡಿ ದಾಟುವ ಹರಿವನ್ನು ಹೀಗೆ ಬರೆಯಿರಿ. ಇಲ್ಲಿ `a` ನೀರಿನ ವೇಗ:

```
r   = (u[i]-u[i-1]) / (u[i+1]-u[i])
phi = (r+abs(r)) / (1+abs(r))
F   = a*u[i] + 0.5*a*(1-c)*phi*(u[i+1]-u[i])
```

`phi` 1 ಇದ್ದರೆ ಇದು ಲ್ಯಾಕ್ಸ್–ವೆಂಡ್ರಾಫ್, 0 ಇದ್ದರೆ ಅಪ್‌ವಿಂಡ್. ಎರಡನೆಯ ಸಾಲು ವ್ಯಾನ್ ಲೀರ್ ಲಿಮಿಟರ್. ಛೇದ ಸೊನ್ನೆಯಾದಲ್ಲಿ ಇಡೀ ತಿದ್ದುಪಡಿಯೇ ಸೊನ್ನೆಯಾದ್ದರಿಂದ ಅಲ್ಲಿ `phi`ಯನ್ನು ಲೆಕ್ಕ ಹಾಕದೆ ನೇರವಾಗಿ 0 ಇಡಿ. ನಮ್ಮ ಮುಂಚೂಣಿಯ ಮೊದಲ ಹೆಜ್ಜೆಯಲ್ಲಿ ಗಡಿಯ ಹಿಂದಿನ ವ್ಯತ್ಯಾಸ ಸೊನ್ನೆ, ಆದ್ದರಿಂದ `r` 0, `phi` 0. ಸೊನ್ನೆಯನೆಯ ಕೋಶ 1ರಲ್ಲೇ ನಿಲ್ಲುತ್ತದೆ, ಒಂದನೆಯದು 0.5 ಆಗುತ್ತದೆ, 1.125 ಹುಟ್ಟುವುದೇ ಇಲ್ಲ. ಒಂದು ಕೋಶದಿಂದ ಹೋದದ್ದು ಪಕ್ಕದ ಕೋಶಕ್ಕೇ ಸೇರುವುದರಿಂದ ಒಟ್ಟು ದ್ರವ್ಯವೂ ಕೆಡುವುದಿಲ್ಲ.

ಇದಕ್ಕೂ ಒಂದು ಬೆಲೆಯಿದೆ. ಸಾಂದ್ರತೆ ಗುಂಡಗಿನ ಶಿಖರದಂತಿದ್ದರೆ, ಶಿಖರದ ತುದಿಯಲ್ಲಿ `r` ಋಣವಾಗಿ `phi` ಸೊನ್ನೆಯಾಗುತ್ತದೆ, ಅಲ್ಲಿ ಲೆಕ್ಕ ಒಂದನೆಯ ದರ್ಜೆಗೆ ಇಳಿದು ತುದಿ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ನಿಮ್ಮ ಅರ್ಧ ಗಂಟೆಯ ಬಿಡುಗಡೆ 90 ಕೋಶ ಅಗಲದ ಚಪ್ಪಟೆ ತಲೆಯದ್ದಾದ್ದರಿಂದ ಇದು ಕಾಡದು. ಐದೇ ನಿಮಿಷ ಬಿಟ್ಟ ನೀರಿನ ಗರಿಷ್ಠ ಸಾಂದ್ರತೆ ಬೇಕಾದಾಗ ಮಾತ್ರ ಕೋಶಗಳನ್ನು 5 ಮೀಟರಿಗೆ, ಹೆಜ್ಜೆಯನ್ನು 5 ಸೆಕೆಂಡಿಗೆ ಒಟ್ಟಿಗೇ ಇಳಿಸಿ, ಎರಡು ಉತ್ತರಗಳಲ್ಲಿ ಶಿಖರದ ಎತ್ತರ ಎಷ್ಟು ಬೇರೆಯಾಗುತ್ತದೆ ಎಂದು ಹೋಲಿಸಿ ನೋಡಿ.