ಥಂಬ್‌ನೇಲ್‌ನಲ್ಲಿ ಒತ್ತಕ್ಷರ ಮಸಿಯಾಗುವುದು

“ಮಲ್ಲೇಶ್ವರದ ತಿಂಡಿ ವಿಡಿಯೊಗೆ ‘ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿದೆ?’ ಅಂತ ದಪ್ಪಕ್ಕೆ ಬರೆದೆ. ಲ್ಯಾಪ್‌ಟಾಪಲ್ಲಿ ಸರಿ, ಫೋನಲ್ಲಿ ಬರೀ ಮಸಿ. ಯಾಕೆ?”

ನಿಮ್ಮ ಫಾಂಟ್ ನೋಡದೆ ಹೇಳುತ್ತಿದ್ದೇನೆ, ಆದರೆ ಕಾರಣ ಬಹುಶಃ ಒತ್ತಕ್ಷರ. ಣ್ಣೆ, ಲ್ಲಿ, ನ್ನಾ ಇವುಗಳ ಒತ್ತು ಮೊದಲೇ ಪುಟ್ಟದು. ಫಾಂಟ್ ದಪ್ಪವಾಗಿ, ಸುತ್ತ ಔಟ್‌ಲೈನ್ ಬೇರೆ ಇದ್ದರೆ ಒಳಗಿನ ಸಂದಿ ಮುಚ್ಚಿಹೋಗುತ್ತದೆ.

ಮೊದಲು ‘ಬೆಣ್ಣೆ ದೋಸೆ’ ಮಾತ್ರ ಉಳಿಸಿ. ಉಳಿದದ್ದು ವಿಡಿಯೊ ಹೆಸರಲ್ಲೇ ಇರುತ್ತದಲ್ವಾ? ಎರಡು ಸಾಲು ಮಾಡಿ, ಆದರೆ ‘ಣ್ಣೆ’ಯ ಒತ್ತು ಕೆಳಗಿನ ‘ದೋಸೆ’ಗೆ ತಾಗದಷ್ಟು ಜಾಗ ಬಿಡಿ. ಔಟ್‌ಲೈನ್ ತೆಗೆದು, ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿ. ಫಾಂಟ್ ಒಂದು ಹಂತ ತೆಳುವಾದರೂ ಪರವಾಗಿಲ್ಲ, ಸಂದಿ ತೆರೆದಿರಬೇಕು. ಬಲಗಡೆ ಕೆಳಮೂಲೆ ಖಾಲಿ ಬಿಡಿ, ಅಲ್ಲಿ ವಿಡಿಯೊ ಅವಧಿ ಕೂರುತ್ತದೆ.

ಕೊನೆಗೆ 1280 ಪಿಕ್ಸೆಲ್ ಅಗಲದ ಚಿತ್ರವನ್ನು 160ಕ್ಕೆ ಇಳಿಸಿ ನೋಡಿ. ‘ಣ್ಣೆ’ಯ ಒತ್ತು ಬರೀ ಚುಕ್ಕೆಯಾಗಿ ಕಂಡರೆ ಅಕ್ಷರ ಇನ್ನೂ ದೊಡ್ಡದು ಮಾಡಿ.