ರೀಲ್ಸ್ ಹ್ಯಾಶ್‌ಟ್ಯಾಗ್ ಎಲ್ಲಿ ಹಾಕಬೇಕು?

ಬೀದರ್‌ನಲ್ಲಿ ನಮ್ಮದು ಬಿದ್ರಿ ಅಂಗಡಿ. ಇನ್‌ಸ್ಟಾಗ್ರಾಂ ರೀಲ್ಸ್‌ಗೆ ಹ್ಯಾಶ್‌ಟ್ಯಾಗ್ ಕ್ಯಾಪ್ಷನ್‌ನಲ್ಲಿ ಹಾಕಬೇಕಾ, ಮೊದಲ ಕಾಮೆಂಟ್‌ನಲ್ಲಾ?

ಕ್ಯಾಪ್ಷನ್‌ನಲ್ಲೇ ಹಾಕಿ. ಹುಡುಕಿದಾಗ ಸಿಗಬೇಕಾದರೆ ಹ್ಯಾಶ್‌ಟ್ಯಾಗ್ ಅಲ್ಲೇ ಇರಬೇಕು, ಕಾಮೆಂಟ್‌ನಲ್ಲಲ್ಲ ಅಂತ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಕಾಮೆಂಟ್‌ಗೆ ಹಾಕಿದರೆ ಕ್ಯಾಪ್ಷನ್ ಚೊಕ್ಕಟವಾಗಿ ಕಾಣುತ್ತದೆ, ಅಷ್ಟೇ.

ಕೋಟೆ ಮಣ್ಣಿನ ನೀರಲ್ಲಿ ಹೂಜಿ ಕಪ್ಪಾಗಿ, ಬೆಳ್ಳಿ ಎಳೆ ಮಾತ್ರ ಹೊಳೆಯುವ ವಿಡಿಯೊ ಅಂದ್ಕೊಳ್ಳಿ. ‘ಕೋಟೆ ಮಣ್ಣಿನಲ್ಲಿ ಬಿದ್ರಿ ಕಪ್ಪಾಗುವುದು ಹೀಗೆ’ ಅಂತ ಬರೆದು, ಕೆಳಗೆ #bidriware #bidar ಹಾಕಿದರೆ ಸಾಕು. #viral ಸುಮ್ನೆ ದಂಡ. ವಿಡಿಯೊ ಯಾವುದರದ್ದು ಅಂತ ಅದು ಹೇಳೋದೇ ಇಲ್ಲ ಅಲ್ವಾ?

ಆದರೆ ಟ್ಯಾಗ್ ಒಂದರಿಂದಲೇ ರೀಚ್ ಜಾಸ್ತಿಯಾಗಲ್ಲ. ಅದು ವಿಷಯ ತಿಳಿಸುತ್ತದೆ. ವಿಡಿಯೊ ಹಬ್ಬುವುದು ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಅನ್ನೋದರ ಮೇಲೆ. ಅದಕ್ಕೇ ಆ ಕಪ್ಪಾಗುವ ಗಳಿಗೆಯನ್ನು ಮೊದಲ ಮೂರು ಸೆಕೆಂಡಿನಲ್ಲೇ ತೋರಿಸಿ.