0.95 ಎಂದರೆ ಚೇತರಿಕೆಯಲ್ಲ

ಮಾನ್ಯ ಸಂಪಾದಕರೇ, ಆದ ಕೆಲಸವನ್ನು ರೂಪಾಯಿಯಲ್ಲಿ ಅಳೆದು ಯೋಜನೆಗೆ ಹೋಲಿಸುವ ಅರ್ನ್ಡ್ ವ್ಯಾಲ್ಯೂ ವಿಧಾನದ ಬಗ್ಗೆ ಬರೆದ ಲೇಖನ ಕಳುಹಿಸಿದ್ದೇನೆ. 6 ತಿಂಗಳ, 60 ಲಕ್ಷ ರೂಪಾಯಿಯ ಶಾಲಾ ಕಟ್ಟಡವೊಂದನ್ನು ಕಲ್ಪಿಸಿಕೊಂಡು ಲೆಕ್ಕ ಮಾಡಿದ್ದೇನೆ. ಆದ ಕೆಲಸದ ಮೌಲ್ಯವನ್ನು ಯೋಜಿತ ಮೌಲ್ಯದಿಂದ ಭಾಗಿಸಿದರೆ ಬರುವ ಎಸ್‌ಪಿಐ 4ನೇ ತಿಂಗಳ ಕೊನೆಗೆ 0.73 ಇತ್ತು, 7ನೇ ತಿಂಗಳಿಗೆ 0.95 ಆಯಿತು. ಹಾಗಾಗಿ ಕೆಲಸ ಚೇತರಿಸಿಕೊಂಡಿತು ಎಂದು ಬರೆದಿದ್ದೇನೆ. ಕಟ್ಟಡ ಮುಗಿದದ್ದು 8ನೇ ತಿಂಗಳಿಗೆ. ತಡವನ್ನು ಕಾಲದಲ್ಲೇ ಅಳೆಯುವ ಅರ್ನ್ಡ್ ಶೆಡ್ಯೂಲ್ ಬಗ್ಗೆ ಕೊನೆಯಲ್ಲಿ ಒಂದು ಪ್ಯಾರಾ ಇದೆ. ಪ್ರಕಟಣೆಗೆ ಆದೀತೇ?

ಈಗಿರುವ ರೂಪದಲ್ಲಿ ಆಗದು. ಭಾಷೆ ಚೆನ್ನಾಗಿದೆ, ಎಸ್‌ಪಿಐ ಲೆಕ್ಕವೂ ಸರಿಯಾಗಿದೆ. ಮುಖ್ಯವಾಗಿ ತಪ್ಪಿರುವುದು ‘ಚೇತರಿಸಿಕೊಂಡಿತು’ ಎಂಬ ಒಂದು ಪದ. ಎರಡು ತಿಂಗಳು ತಡವಾಗಿ ಮುಗಿದ ಕೆಲಸ 7ನೇ ತಿಂಗಳಲ್ಲಿ ಯಾವುದರಿಂದ ಚೇತರಿಸಿಕೊಂಡಿತ್ತು?

ನಿಮ್ಮದೇ ಪಟ್ಟಿ ನೋಡಿ. ಯೋಜಿತ ಮೌಲ್ಯ, ಅಂದರೆ ಪಿವಿ, ತಿಂಗಳಿಂದ ತಿಂಗಳಿಗೆ ಒಟ್ಟು 5, 15, 30, 45, 55, 60 ಲಕ್ಷ. ಆದ ಕೆಲಸದ ಮೌಲ್ಯ, ಅಂದರೆ ಇವಿ, 4, 10, 21, 33, 45, 52, 57, 60 ಲಕ್ಷ. 6ನೇ ತಿಂಗಳ ನಂತರ ಪಿವಿ 60ರಲ್ಲೇ ನಿಂತುಬಿಡುತ್ತದೆ, ಇವಿ ಮಾತ್ರ ತೆವಳುತ್ತಾ ಅದರತ್ತ ಬರುತ್ತದೆ. ದಿನಕ್ಕೆ ಹತ್ತೇ ಇಟ್ಟಿಗೆ ಇಟ್ಟರೂ ಅಂತರ ಕಡಿಮೆಯಾಗಲೇಬೇಕು. ಕೆಲಸ ಮುಗಿದ ದಿನ ಇವಿಯಿಂದ ಪಿವಿ ಕಳೆದರೆ ಬರುವ ಎಸ್‌ವಿ ಸೊನ್ನೆ, ಎಸ್‌ಪಿಐ 1. ತಡ ಎರಡು ತಿಂಗಳಾಗಲಿ, ಎರಡು ವರ್ಷವಾಗಲಿ, ಉತ್ತರ ಅದೇ. ಕಾಲವನ್ನು ರೂಪಾಯಿಯಲ್ಲಿ ಅಳೆದದ್ದರ ಫಲ ಇದು.

ವಾಲ್ಟ್ ಲಿಪ್ಕೆ 2003ರಲ್ಲಿ ಮುಂದಿಟ್ಟ ಅರ್ನ್ಡ್ ಶೆಡ್ಯೂಲ್ ಕೇಳುವುದು ಬೇರೆ ಪ್ರಶ್ನೆ: ಇಂದು ಆಗಿರುವಷ್ಟು ಕೆಲಸ ಯೋಜನೆಯ ಪ್ರಕಾರ ಯಾವಾಗ ಆಗಿರಬೇಕಿತ್ತು? ಆ ಕಾಲವೇ ಇಎಸ್. ಅದಕ್ಕೆ ಹೊಸ ಮಾಹಿತಿ ಬೇಕಿಲ್ಲ, ನಿಮ್ಮ ಎರಡು ಸಾಲು ಸಾಕು.

```
ES = C + (EV - PV[C]) / (PV[C+1] - PV[C])
SV(t) = ES - AT
SPI(t) = ES / AT
```

ಇಲ್ಲಿ C ಎಂದರೆ ಇವಿ ಪೂರ್ತಿಯಾಗಿ ದಾಟಿರುವ ಯೋಜಿತ ತಿಂಗಳುಗಳ ಸಂಖ್ಯೆ, PV[C] ಎಂದರೆ ಆ ತಿಂಗಳ ಕೊನೆಯ ಪಿವಿ, AT ಎಂದರೆ ನಿಜವಾಗಿ ಕಳೆದ ಕಾಲ; SPI(t)ಯೇ ಕೆಳಗಿನ ಪಟ್ಟಿಯ ಕಾಲದ ಎಸ್‌ಪಿಐ. 6ನೇ ತಿಂಗಳ ಕೊನೆಯನ್ನೇ ತೆಗೆದುಕೊಳ್ಳಿ. ಇವಿ 52 ಲಕ್ಷ. ಅದು 4ನೇ ತಿಂಗಳ 45ನ್ನು ದಾಟಿದೆ, 5ನೇ ತಿಂಗಳ 55ನ್ನು ಮುಟ್ಟಿಲ್ಲ. ಹಾಗಾಗಿ C 4. ಮಿಕ್ಕ 7 ಲಕ್ಷವನ್ನು 5ನೇ ತಿಂಗಳಿಗೆಂದು ಇಟ್ಟಿದ್ದ 10 ಲಕ್ಷದಿಂದ ಭಾಗಿಸಿದರೆ 0.7. ಇಎಸ್ 4.7 ತಿಂಗಳು, ಕೆಲಸ 1.3 ತಿಂಗಳು ಹಿಂದಿದೆ.

| ತಿಂಗಳು | ಎಸ್‌ವಿ (ಲಕ್ಷ) | ಎಸ್‌ಪಿಐ | ಇಎಸ್ | ಹಿಂದುಳಿದ ತಿಂಗಳು | ಕಾಲದ ಎಸ್‌ಪಿಐ |
|---|---|---|---|---|---|
| 4 | −12 | 0.73 | 3.2 | 0.8 | 0.80 |
| 6 | −8 | 0.87 | 4.7 | 1.3 | 0.78 |
| 7 | −3 | 0.95 | 5.4 | 1.6 | 0.77 |
| 8 | 0 | 1.00 | 6.0 | 2.0 | 0.75 |

ಎಡಗಡೆಯ ಅಂಕಣಗಳಲ್ಲಿ ಕೆಲಸ ಸುಧಾರಿಸುತ್ತಿದೆ, ಬಲಗಡೆ ಅದೇ ಕೆಲಸ ಇನ್ನಷ್ಟು ಹಿಂದೆ ಬೀಳುತ್ತಿದೆ. ಈ ಪಟ್ಟಿಯೇ ನಿಮ್ಮ ಲೇಖನದ ನಡುಮನೆ; ಅದನ್ನು ನೀವು ಹಿತ್ತಿಲಿಗೆ ತಳ್ಳಿದ್ದೀರಿ. 5ನೇ ತಿಂಗಳ ಬಗ್ಗೆಯೂ ಎರಡು ಸಾಲು ಬರೆಯಿರಿ. ಆ ತಿಂಗಳು 10 ಲಕ್ಷದ ಯೋಜನೆಗೆ ಎದುರಾಗಿ 12 ಲಕ್ಷದ ಕೆಲಸವಾಗಿದೆ, ಓದುಗ ಭೇಷ್ ಎನ್ನುತ್ತಾನೆ. ಆದರೆ ಇಎಸ್ 3.2ರಿಂದ 4.0ಕ್ಕೆ ಸರಿದಿದೆ, ಅಷ್ಟೆ: ಒಂದು ತಿಂಗಳಲ್ಲಿ 0.8 ತಿಂಗಳ ಕೆಲಸ. ಯೋಜನೆಯ ಕೊನೆಯ ತಿಂಗಳುಗಳಲ್ಲಿ ಕೆಲಸ ಕಡಿಮೆ ಇಟ್ಟಿದ್ದರಿಂದ, ಹಳೆಯ ಬಾಕಿ ತೀರಿಸಿದ್ದೇ ಗಳಿಕೆಯಂತೆ ಕಂಡಿತು.

ಮುಗಿಯುವ ದಿನದ ಅಂದಾಜಿಗೆ ಯೋಜಿತ ಅವಧಿಯನ್ನು ಕಾಲದ ಎಸ್‌ಪಿಐಯಿಂದ ಭಾಗಿಸಿ. 4ನೇ ತಿಂಗಳಲ್ಲೇ 6 ಭಾಗಿಸು 0.8, ಅಂದರೆ 7.5 ತಿಂಗಳು ಎಂದು ಗೊತ್ತಾಗುತ್ತಿತ್ತು. ನಿಜವಾಗಿ ಹಿಡಿದದ್ದು 8; ಮುಂದೆಯೂ ಇದೇ ವೇಗ ಇರುತ್ತದೆ ಎಂದು ಈ ಸೂತ್ರ ನಂಬುತ್ತದೆ, ಇಲ್ಲಿ ವೇಗ ಇನ್ನೂ ತಗ್ಗಿತು.

ನೀವು ಲಗತ್ತಿಸಿದ ಎಕ್ಸೆಲ್ ಹಾಳೆಯಲ್ಲಿ 8ನೇ ತಿಂಗಳ ಇಎಸ್ 8 ಎಂದು ಬಂದಿದೆ. 7 ಮತ್ತು 8ನೇ ಸಾಲಿನಲ್ಲೂ ಪಿವಿ 60 ಎಂದು ತುಂಬಿದ್ದೀರಿ. ಏರಿಕೆ ಕ್ರಮದ `MATCH` ಒಂದೇ ಸಂಖ್ಯೆ ಹಲವು ಕಡೆ ಇದ್ದರೆ ಕೊನೆಯದನ್ನು ಹಿಡಿಯುತ್ತದೆ. ಓಡಿಸಿದ ಹಳೇ ದೋಷ ಹಿಂಬಾಗಿಲಿನಿಂದ ಮರಳಿತು. ಹುಡುಕುವ ವ್ಯಾಪ್ತಿಯನ್ನು 6ನೇ ತಿಂಗಳಿಗೇ ನಿಲ್ಲಿಸಿ, ಇವಿ 60 ಆದಾಗ ಇಎಸ್ 6 ಎಂದು ನೇರವಾಗಿ ಕೊಡಿ. ಮೇಲೆ ಪಿವಿ ಸೊನ್ನೆ ಇರುವ ಸಾಲೊಂದನ್ನೂ ಸೇರಿಸಿ, ಆಗ `MATCH` ಕೊಡುವ ಸಂಖ್ಯೆಯಿಂದ 1 ಕಳೆದದ್ದೇ C. ಆ ಸಾಲು ಇಲ್ಲವಾದರೆ ಮೊದಲ ತಿಂಗಳ 4 ಲಕ್ಷಕ್ಕೆ `#N/A` ಬರುತ್ತದೆ.

ಕೊನೆಯ ಪ್ಯಾರಾದಲ್ಲಿ ‘ಇದು ಕ್ರಿಟಿಕಲ್ ಪಾತ್‌ನ ಅಗತ್ಯವನ್ನೇ ಇಲ್ಲವಾಗಿಸುತ್ತದೆ’ ಎಂದಿದ್ದೀರಿ. ಹೊಡೆದುಹಾಕಿ. ಯಾವ ಕೆಲಸಗಳು ತಡವಾದರೆ ಇಡೀ ಕಟ್ಟಡ ತಡವಾಗುತ್ತದೆ ಎಂದು ತೋರಿಸುವುದು ಕ್ರಿಟಿಕಲ್ ಪಾತ್; ಇಎಸ್ ನೋಡುವುದು ಒಟ್ಟು ಮೊತ್ತವನ್ನು. 3ನೇ ತಿಂಗಳ ಮೋಲ್ಡ್ ಬಾಕಿ ಇಟ್ಟು, 6ನೇ ತಿಂಗಳ ಕಾಂಪೌಂಡ್ ಗೋಡೆ ಕಟ್ಟಿದರೂ ಇಎಸ್ ಏರುತ್ತದೆ. ಅದನ್ನು ಹಿಡಿಯಲು ಪ್ರತಿ ತಿಂಗಳು ಒಂದು ಪರೀಕ್ಷೆ ಮಾಡಬಹುದು: ಇಎಸ್ 4.7 ಎಂದರೆ ಮೊದಲ 4 ತಿಂಗಳ ಪಟ್ಟಿಯ ಪ್ರತಿ ಕೆಲಸವೂ ಪೂರ್ತಿಯಾಗಿರಬೇಕು. ಆಗದ ಕೆಲಸ ಸಿಕ್ಕಿದರೆ ಯಾರೋ ಸರದಿ ಹಾರಿದ್ದಾರೆ, ಆ ತಿಂಗಳ ಇಎಸ್ ನಂಬಬೇಡಿ.

ಮೊದಲ ಎರಡು ಪುಟ ಪೂರ್ತಿ ಕತ್ತರಿಸಿ, ಪಟ್ಟಿಯಿಂದಲೇ ಶುರುಮಾಡಿ, ತಿದ್ದಿದ ಹಾಳೆಯೊಂದಿಗೆ ಕಳುಹಿಸಿ.